ತಾಮ್ರದ ಕೂಲರ್, ಕಬ್ಬಿಣದ ಪೈಪು: ನಡುವೆ ಒಂದು ಮೀಟರ್ ಅಂತರ ಯಾಕೆ ಬೇಕು

ನನ್ನ ಟೇಬಲ್ ಮೇಲೆ ಕಾಗದ ಹಾರದಿರಲಿ ಅಂತ ಇಟ್ಟಿರುವ ಒಂದು ಕಬ್ಬಿಣದ ತುಂಡು ಇದೆ. ಅದು ಎರಡಿಂಚಿನ ಎಂ.ಎಸ್. ನಿಪ್ಪಲ್, ಅಂದರೆ ಎರಡೂ ತುದಿಗೆ ಥ್ರೆಡ್ ಇರುವ ಸಾದಾ ಕಬ್ಬಿಣದ ಗಿಡ್ಡ ಪೈಪು. ಉದ್ದಕ್ಕೆ ಸೀಳಿಸಿದ್ದೇನೆ. ಒಂದು ತುದಿಯ ಥ್ರೆಡ್ ಇವತ್ತಿಗೂ ಕೈಗೆ ಚುಚ್ಚುವಷ್ಟು ಚೂಪಾಗಿದೆ. ಇನ್ನೊಂದು ತುದಿ ಇಲಿ ಕಡಿದ ರೊಟ್ಟಿಯ ಹಾಗಿದೆ. ಎರಡು ತುದಿಗಳ ನಡುವೆ ಇರುವುದು ನಾಲ್ಕೇ ಇಂಚು. ಅದೇ ನೀರು, ಅದೇ ಕಬ್ಬಿಣ, ಅದೇ ಹದಿನಾಲ್ಕು ತಿಂಗಳು.

ಹಾಳಾದ ತುದಿ ಹಿತ್ತಾಳೆಯೊಳಗೆ ಕೂತಿತ್ತು. ಚೆನ್ನಾಗಿರುವ ತುದಿ ಕಬ್ಬಿಣದ ಎಲ್ಬೋದೊಳಗೆ ಕೂತಿತ್ತು. ಈ ಲೇಖನದಲ್ಲಿ ಹೇಳುವುದೆಲ್ಲ ಈ ಒಂದು ವ್ಯತ್ಯಾಸದ ಬಗ್ಗೆಯೇ.

ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತಿದ್ದ ಒಂದು ಶೆಡ್‌ನ ಕಥೆ ಇದು. ಅಲ್ಲಿ ಒಂದು ಹೈಡ್ರಾಲಿಕ್ ಪ್ರೆಸ್ ಇತ್ತು. ಅದರ ಪವರ್ ಪ್ಯಾಕ್‌ನ ಎಣ್ಣೆ ತಂಪು ಮಾಡಲು ಒಂದು ಆಯಿಲ್ ಕೂಲರ್. ಒಳಗೆ ಸಣ್ಣ ಸಣ್ಣ ತಾಮ್ರದ ಟ್ಯೂಬುಗಳು, ಎರಡೂ ತುದಿಗೆ ಹಿತ್ತಾಳೆಯ ಮುಚ್ಚಳ. ಟ್ಯೂಬಿನೊಳಗೆ ನೀರು, ಹೊರಗೆ ಎಣ್ಣೆ. ನೀರು ಮಾಳಿಗೆ ಮೇಲಿನ ಕೂಲಿಂಗ್ ಟವರಿನಿಂದ ಎಂ.ಎಸ್. ಪೈಪಿನಲ್ಲಿ ಬರುತ್ತಿತ್ತು, ಅಂಥದೇ ಇನ್ನೊಂದು ಪೈಪಿನಲ್ಲಿ ವಾಪಸ್ ಹೋಗುತ್ತಿತ್ತು. ಮುಚ್ಚಳಕ್ಕೂ ಪೈಪಿಗೂ ನಡುವೆ ಈ ನಿಪ್ಪಲ್.

ನಮ್ಮ ಹಿರಿಯ ಫಿಟರ್ ಕಾಕಾ ಒಂದು ದಿನ ಹಳೇ ನಿಪ್ಪಲ್ ಬಿಚ್ಚುತ್ತಾ ಹೇಳಿದರು: "ಸಾಹೇಬ್ರ, ಇದೇನ್ರಿ ಇದು, ವರ್ಷಕ್ಕೊಮ್ಮಿ ಜಾತ್ರಿ ಮಾಡ್ದಂಗ ಮಾಡ್ತೈತಿ. ಉಳಿದ ಪೈಪ್ ಒಂಬತ್ತ ವರ್ಷ ಆತು, ಗಟ್ಟಿ ಐತಿ."

ಕಾಕಾ ಹೇಳಿದ ಆ ಎರಡನೇ ಮಾತೇ ರೋಗದ ಗುರುತು. ನೀರು ಕೆಟ್ಟದ್ದಿದ್ದರೆ ಇಡೀ ಲೈನ್ ಹಾಳಾಗಬೇಕಿತ್ತು, ಅಲ್ವಾ?

ಒಳಗೆ ನಡೆಯುವುದೇನು

ಟಾರ್ಚಿನ ಸೆಲ್ ಹೇಗೋ ಇದೂ ಹಾಗೆಯೇ. ಎರಡು ಬೇರೆ ಬೇರೆ ಲೋಹ ಒಂದೇ ನೀರಿನಲ್ಲಿ ನೆನೆದು, ಹೊರಗಿನಿಂದ ಒಂದಕ್ಕೊಂದು ಮುಟ್ಟಿಕೊಂಡಿದ್ದರೆ ಕರೆಂಟ್ ಹರಿಯುತ್ತದೆ. ಕಬ್ಬಿಣ ಮತ್ತು ತಾಮ್ರದ ನಡುವೆ ಸುಮಾರು 0.3 ವೋಲ್ಟ್ ಸಿಗುತ್ತದೆ. ಕೈಗೆ ಗೊತ್ತೇ ಆಗದಷ್ಟು ಕಡಿಮೆ. ಆದರೆ ಅದು ಹಗಲು ರಾತ್ರಿ ನಿಲ್ಲುವುದಿಲ್ಲ. ಈ ಜೋಡಿಯಲ್ಲಿ ಕರಗುವುದು ಕಬ್ಬಿಣ, ಉಳಿಯುವುದು ತಾಮ್ರ. ಒಂದು ಆಂಪಿಯರ್ ಒಂದು ವರ್ಷ ಹರಿದರೆ ಸುಮಾರು 9 ಕಿಲೋ ಕಬ್ಬಿಣ ಕರಗುತ್ತದೆ. ನಮ್ಮಲ್ಲಿ ಹರಿಯುವುದು ಕೆಲವು ಮಿಲಿ ಆಂಪಿಯರ್ ಮಾತ್ರ. 5 ಮಿಲಿ ಆಂಪಿಯರ್ ಅಂತ ಹಿಡಿಯಿರಿ. ವರ್ಷಕ್ಕೆ 45 ಗ್ರಾಂ ಆಯಿತು.

45 ಗ್ರಾಂ ಅಂದರೆ ಏನು ಮಹಾ ಅನಿಸಬಹುದು. ಇಡೀ ಲೈನಿನಿಂದ ಹೋದರೆ ಗೊತ್ತೂ ಆಗುವುದಿಲ್ಲ. ಆದರೆ ಅದು ಹೋಗುವುದು ಹಿತ್ತಾಳೆಗೆ ತೀರಾ ಹತ್ತಿರದ ಎರಡು ಇಂಚಿನಿಂದ. ನೀರು ಅಷ್ಟೇನೂ ಒಳ್ಳೆಯ ವಾಹಕವಲ್ಲ. ಹಾಗಾಗಿ ಕರೆಂಟ್ ದೂರದ ಕಬ್ಬಿಣದ ತನಕ ಹೋಗುವ ಕಷ್ಟ ತಗೊಳ್ಳುವುದಿಲ್ಲ, ಹತ್ತಿರದ್ದನ್ನೇ ತಿನ್ನುತ್ತದೆ. ಲೆಕ್ಕ ಹಾಕಿದರೆ ಆ ಎರಡು ಇಂಚಿನ ಒಳಮೈ ವರ್ಷಕ್ಕೆ ಸುಮಾರು 0.7 ಮಿಲಿಮೀಟರ್ ತೆಳ್ಳಗಾಗುತ್ತದೆ. ಎರಡಿಂಚಿನ ಮೀಡಿಯಂ ಕ್ಲಾಸ್ ಪೈಪಿನ ದಪ್ಪ 3.6 ಮಿಲಿಮೀಟರ್. ಅದರಲ್ಲಿ ಥ್ರೆಡ್ ಕೊರೆದಾಗ ಸುಮಾರು 1.5 ಮಿಲಿಮೀಟರ್ ಆಗಲೇ ಹೋಗಿರುತ್ತದೆ. ಥ್ರೆಡ್ಡಿನ ತಳದಲ್ಲಿ ಉಳಿಯುವುದು 2.1 ಅಷ್ಟೇ. ಸಮನಾಗಿ ಸವೆದರೆ ಮೂರು ವರ್ಷ ಬರುತ್ತಿತ್ತು. ಆದರೆ ತುಕ್ಕು ಯಾವತ್ತೂ ಸಮನಾಗಿ ತಿನ್ನುವುದಿಲ್ಲ, ಗುಂಡಿ ತೋಡುತ್ತದೆ. ಹಾಗಾಗಿ ನಮಗೆ ಹದಿನಾಲ್ಕೇ ತಿಂಗಳು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಯಾವ ಲೋಹ ಎಷ್ಟು ದೊಡ್ಡದು ಅನ್ನುವುದು ತುಂಬಾ ಮುಖ್ಯ. ಅದೇ ಲೈನಿನಲ್ಲಿ ಒಂದು ಹಿತ್ತಾಳೆಯ ಗೇಟ್ ವಾಲ್ವ್ ಇತ್ತು, ಒಂಬತ್ತು ವರ್ಷದಿಂದ. ಅದರ ಎರಡೂ ಪಕ್ಕದ ಕಬ್ಬಿಣಕ್ಕೆ ಏನೂ ಆಗಿರಲಿಲ್ಲ. ಯಾಕೆಂದರೆ ವಾಲ್ವ್ ಚಿಕ್ಕದು, ಪೈಪು ಉದ್ದ. ಕೂಲರ್ ಹಾಗಲ್ಲ. ಹತ್ತಾರು ತಾಮ್ರದ ಟ್ಯೂಬುಗಳ ಒಳಮೈ ಎಲ್ಲಾ ಸೇರಿಸಿದರೆ ಒಂದು ಚಾಪೆಯಷ್ಟಾಗುತ್ತದೆ. ಅಷ್ಟೂ ತಾಮ್ರ ಸೇರಿ ಒಂದು ಚೋಟುದ್ದದ ಕಬ್ಬಿಣದ ನಿಪ್ಪಲ್ ಮೇಲೆ ಬೀಳುತ್ತದೆ. ಹಾಗಾಗಿ ಲೈನಿನಲ್ಲಿ ಹಿತ್ತಾಳೆಯ ವಾಲ್ವ್ ಕಂಡ ಕೂಡಲೇ ಗಾಬರಿ ಬೇಡ. ದೊಡ್ಡ ತಾಮ್ರಕ್ಕೆ ಸಣ್ಣ ಕಬ್ಬಿಣ ಸಿಕ್ಕಿಕೊಂಡ ಜಾಗ ಹುಡುಕಿ. ಸ್ಟೇನ್‌ಲೆಸ್ ಕೂಲರಿಗೂ ಇದೇ ಮಾತು. ಕಬ್ಬಿಣದ ಪಾಲಿಗೆ ಅದೂ ತಾಮ್ರದ ಅಣ್ಣನೇ.

ಮೊದಲು ರೋಗ ಇದೇನಾ ಅಂತ ಖಾತ್ರಿ ಮಾಡಿಕೊಳ್ಳಿ

ಹಳೇ ನಿಪ್ಪಲ್ ಗುಜರಿಗೆ ಎಸೆಯಬೇಡಿ. ಹ್ಯಾಕ್‌ಸಾದಿಂದ ಉದ್ದಕ್ಕೆ ಸೀಳಿ. ಒಳಗಿನ ಕೆಂಪು ಗಸಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಬಿಸಿಲಿಗೆ ಹಿಡಿದು ನೋಡಿ. ಹಿತ್ತಾಳೆ ಕಡೆಗೆ ಹೆಚ್ಚು, ಆಚೆ ಹೋದಂತೆ ಕಡಿಮೆ ಆಗಿದ್ದರೆ ಎರಡು ಲೋಹದ ಜಗಳ ಅದು. ಉದ್ದಕ್ಕೂ ಒಂದೇ ತರಹ ಸವೆದಿದ್ದರೆ ನೀರಿನದೇ ತಪ್ಪು, ಅದಕ್ಕೆ ಬೇರೆ ಔಷಧ. ತಳದಲ್ಲಿ ಮಾತ್ರ ಗುಂಡಿಗಳಿದ್ದರೆ ಕೆಸರು ಕೂತು ಅದರಡಿ ತಿಂದಿದೆ. ಎಲ್ಬೋದ ಒಳಗೆ, ಹೊರಬಾಗಿನ ಬದಿಯಲ್ಲಿ ಕುದುರೆ ಲಾಳದ ಆಕಾರದ ತಗ್ಗುಗಳು ಕಂಡರೆ ನೀರಿನ ವೇಗ ಜಾಸ್ತಿಯಾಗಿದೆ.

ಕೆಲವು ಕೂಲರ್‌ಗಳಿಗೆ ಹಿತ್ತಾಳೆಯ ಬದಲು ಬೀಡಿನ, ಅಂದರೆ ಎರಕದ ಕಬ್ಬಿಣದ ಮುಚ್ಚಳ ಇರುತ್ತದೆ. ಅಲ್ಲಿ ಕಣ್ಣು ಮೋಸ ಹೋಗುತ್ತದೆ. ಬೀಡಿನಲ್ಲಿ ಕಬ್ಬಿಣ ಕರಗಿ ಹೋದರೂ ಒಳಗಿನ ಗ್ರಾಫೈಟ್ ಹಾಗೇ ಉಳಿಯುತ್ತದೆ. ಆಕಾರ ಕೆಡುವುದಿಲ್ಲ, ದಪ್ಪವೂ ಹಾಗೇ ಕಾಣುತ್ತದೆ. ಪೆನ್ ಚಾಕುವಿನ ತುದಿಯಿಂದ ಕೆರೆದು ನೋಡಿ. ಒಳ್ಳೆಯ ಬೀಡು ಹೊಳೆಯುವ ಗೆರೆ ಕೊಡುತ್ತದೆ. ಸತ್ತ ಬೀಡು ಪೆನ್ಸಿಲ್ ಕಡ್ಡಿಯ ಹಾಗೆ ಕರಿ ಪುಡಿಯಾಗಿ ಉದುರುತ್ತದೆ, ಕೈ ಕಪ್ಪಾಗುತ್ತದೆ. ಅಂಥ ಮುಚ್ಚಳಕ್ಕೆ ಬೋಲ್ಟ್ ಬಿಗಿ ಮಾಡಲು ಹೋದರೆ ಫಟ್ ಅಂತ ಒಡೆಯುತ್ತದೆ. ನೋಡಿದ ದಿನವೇ ಬದಲಾಯಿಸಿ.

ಬೀಡಿನ ಮುಚ್ಚಳದ ಕೂಲರಿನಲ್ಲಿ ಒಂದು ಸಣ್ಣ ಪ್ಲಗ್ ಇದೆಯಾ ನೋಡಿ. ಅದನ್ನು ಬಿಚ್ಚಿದರೆ ಒಳಗೆ ಪೆನ್ಸಿಲ್ ಗಾತ್ರದ ಸತುವಿನ ಕಡ್ಡಿ ಇರಬೇಕು. ಬೀಡಿಗಿಂತ ಮೊದಲು ತಾನು ಕರಗಲಿ ಅಂತ ಅದನ್ನು ಇಟ್ಟಿರುತ್ತಾರೆ. ನಮ್ಮ ಕಡೆ ಎಷ್ಟೋ ಕಡೆ ಅದು ಕರಗಿ ಮುಗಿದು, ಬರೀ ಪ್ಲಗ್ ಉಳಿದು ವರ್ಷಗಳಾಗಿರುತ್ತದೆ. ಪ್ಲಗ್ ಸೋರುತ್ತಿಲ್ಲ ಅಂತ ಯಾರೂ ಬಿಚ್ಚುವುದಿಲ್ಲ.

ನಾವು ಮಾಡಿದ ಎರಡು ತಪ್ಪು ಔಷಧಗಳು

ಮೊದಲನೆಯದು ಟೆಫ್ಲಾನ್ ಟೇಪ್. ಟೇಪ್ ಜಾಸ್ತಿ ಸುತ್ತಿದರೆ ಹಿತ್ತಾಳೆಗೂ ಕಬ್ಬಿಣಕ್ಕೂ ಸಂಪರ್ಕ ತಪ್ಪುತ್ತದೆ ಅಂತ ಯಾರೋ ಹೇಳಿದ್ದರು. ಪೈಪ್ ಥ್ರೆಡ್ ಮೊನಚು. ಪಾನಾ ಹಾಕಿ ತಿರುಗಿಸಿದರೆ ಟೇಪ್ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ನಂಬಿಕೆ ಇಲ್ಲದಿದ್ದರೆ ಒಂದು ಸಾಕೆಟ್‌ಗೆ ಹತ್ತು ಸುತ್ತು ಟೇಪ್ ಹಾಕಿದ ನಿಪ್ಪಲ್ ಬಿಗಿದು ಮಲ್ಟಿಮೀಟರಿನ ಬೀಪ್‌ನಲ್ಲಿ ಇಟ್ಟು ನೋಡಿ. ಬೀಪ್ ಅನ್ನುತ್ತದೆ.

ಎರಡನೆಯದು ಬಣ್ಣ. ತುಕ್ಕು ಹಿಡಿಯುವುದು ಕಬ್ಬಿಣಕ್ಕೆ, ಹಾಗಾಗಿ ಕಬ್ಬಿಣಕ್ಕೆ ಎಪಾಕ್ಸಿ ಬಳಿಯೋಣ ಅಂತ ನಾನೇ ಹೇಳಿದೆ. ಕೇಳಲು ಸರಿಯಾಗಿಯೇ ಇದೆ. ಆ ಸಲ ನಿಪ್ಪಲ್ ಏಳು ತಿಂಗಳಿಗೆ ಸೋರಿತು! ಬಣ್ಣದಲ್ಲಿ ಎಲ್ಲೋ ಸೂಜಿ ಮೊನೆಯಷ್ಟು ಜಾಗ ಬಿಟ್ಟುಹೋಗಿರುತ್ತದೆ. ಮೊದಲು ಎರಡು ಇಂಚಿಗೆ ಹಂಚಿ ಹೋಗುತ್ತಿದ್ದ ಕರೆಂಟ್ ಈಗ ಆ ಒಂದೇ ಮೊನೆಯಿಂದ ಹೊರಡುತ್ತದೆ. ಡ್ರಿಲ್ ಹಾಕಿದಂತೆ ತೂತು ಬೀಳುತ್ತದೆ. ಬಣ್ಣ ಹಚ್ಚುವುದಾದರೆ ಹಿತ್ತಾಳೆಗೆ ಹಚ್ಚಬೇಕು, ಅಂದರೆ ಮುಚ್ಚಳದ ಒಳಮೈ ಮತ್ತು ಟ್ಯೂಬುಗಳ ತುದಿ ಕೂತಿರುವ ಟ್ಯೂಬ್ ಪ್ಲೇಟಿನ ಮುಖಕ್ಕೆ. ಆಗ ಕಬ್ಬಿಣದ ಮೇಲೆ ಬೀಳುವ ತಾಮ್ರದ ಮೈಯೇ ಕಡಿಮೆ ಆಗುತ್ತದೆ. ಅಲ್ಲಿ ಸೂಜಿ ತೂತು ಉಳಿದರೂ ನಷ್ಟವಿಲ್ಲ. ಬಣ್ಣ ಹಚ್ಚಲು ಹೇಳಿದರೆ ಫಿಟರ್‌ಗಳು ನಿಮ್ಮ ಮುಖ ನೋಡಿ ನಗುತ್ತಾರೆ, ಹಾಳಾಗದ ಕಡೆಗೆ ಯಾಕೆ ಬಣ್ಣ ಅಂತ. ನಗಲಿ ಬಿಡಿ.

ಇನ್ಸುಲೇಟಿಂಗ್ ಫ್ಲೇಂಜ್ ಕೂಡಿಸುವ ರೀತಿ

ಆಮೇಲೆ ಪುಸ್ತಕದ ದಾರಿ ಹಿಡಿದೆವು. ಕೂಲರ್ ಮುಚ್ಚಳಕ್ಕೆ ಹಿತ್ತಾಳೆಯ ನಿಪ್ಪಲ್, ಅದಕ್ಕೆ ಹಿತ್ತಾಳೆಯ ಫ್ಲೇಂಜ್. ಎದುರಿಗೆ ಎಂ.ಎಸ್. ಪೈಪಿನ ಎಂ.ಎಸ್. ಫ್ಲೇಂಜ್. ಎರಡರ ನಡುವೆ ಇನ್ಸುಲೇಶನ್ ಕಿಟ್. ಕಿಟ್‌ನಲ್ಲಿ ಇರುವುದು ಇಷ್ಟು: 3 ಮಿಲಿಮೀಟರ್ ದಪ್ಪದ ಗ್ಲಾಸ್ ಎಪಾಕ್ಸಿ ಗ್ಯಾಸ್ಕೆಟ್, ಪ್ರತಿ ಬೋಲ್ಟ್‌ಗೂ ಒಂದು ಪ್ಲಾಸ್ಟಿಕ್ ಕೊಳವೆ, ಪ್ರತಿ ಬೋಲ್ಟ್‌ನ ಎರಡೂ ಬದಿಗೆ ಇನ್ಸುಲೇಶನ್ ವಾಷರ್, ಅದರ ಮೇಲೆ ಕಬ್ಬಿಣದ ವಾಷರ್.

ಕೆಲಸ ಹಾಳಾಗುವುದು ಬೋಲ್ಟ್‌ನಲ್ಲಿ. ಗ್ಯಾಸ್ಕೆಟ್ ಎಷ್ಟೇ ಒಳ್ಳೆಯದಿದ್ದರೂ ನಾಲ್ಕು ಬೋಲ್ಟ್‌ನಲ್ಲಿ ಒಂದು ಎರಡೂ ಫ್ಲೇಂಜ್ ಮುಟ್ಟಿದರೆ ಎಲ್ಲಾ ವ್ಯರ್ಥ. ಎರಡಿಂಚಿನ 150 ಕ್ಲಾಸ್ ಫ್ಲೇಂಜ್‌ನ ತೂತು 19 ಮಿಲಿಮೀಟರ್, ಬೋಲ್ಟ್ 16. ಸುತ್ತಲೂ ಸಿಗುವುದು ಒಂದೂವರೆ ಮಿಲಿಮೀಟರ್. ಅಷ್ಟರಲ್ಲೇ ಕೊಳವೆ ಕೂರಬೇಕು. ಹಾಗಾಗಿ ಮೊದಲು ಬೋಲ್ಟ್ ಇಲ್ಲದೆ ಎರಡೂ ಫ್ಲೇಂಜ್ ಎದುರುಬದುರು ನಿಲ್ಲಿಸಿ. ತೂತುಗಳು ತಾವಾಗಿಯೇ ಕೂಡಬೇಕು. ಟಾಮಿ ಹಾಕಿ ಎಳೆದು ಕೂಡಿಸಿದರೆ ಬೋಲ್ಟ್ ಒಂದು ಬದಿಗೆ ಒರಗಿ ಕೊಳವೆಯನ್ನು ಕತ್ತರಿಸುತ್ತದೆ. ಪೈಪ್ ಸರಿಯಿಲ್ಲದಿದ್ದರೆ ಪೈಪ್ ಸರಿ ಮಾಡಿ.

ಫ್ಲೇಂಜ್ ಮುಖದ ತುಕ್ಕು, ಬಣ್ಣ, ಹಳೇ ಗ್ಯಾಸ್ಕೆಟ್ ಎಲ್ಲಾ ಕೆರೆದು ತೆಗೆಯಿರಿ. ಗ್ಯಾಸ್ಕೆಟ್‌ನ ಒಳತೂತು ಪೈಪಿನ ಒಳತೂತಿಗೆ ಸಮ ಇರಲಿ. ದೊಡ್ಡದಿದ್ದರೆ ಆ ಸಂದಿನಲ್ಲಿ ತುಕ್ಕಿನ ಕೆಸರು ತುಂಬಿ ಸೇತುವೆ ಕಟ್ಟುತ್ತದೆ. ಎಲ್ಲೆಡೆ ಸುಲಭವಾಗಿ ಸಿಗುವ ಗ್ರಾಫೈಟ್ ಗ್ಯಾಸ್ಕೆಟ್ ಇಲ್ಲಿಗೆ ಬೇಡವೇ ಬೇಡ. ಗ್ರಾಫೈಟ್ ಕರೆಂಟ್ ಹರಿಸುತ್ತದೆ, ಮೇಲಾಗಿ ತಾಮ್ರಕ್ಕಿಂತ ಕೆಟ್ಟ ಜೋಡಿ ಅದು. ಬೋಲ್ಟ್‌ಗಳನ್ನು ಎದುರುಬದುರು, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಪಾನಾಗೆ ಪೈಪ್ ಹಾಕಿ ಎಳೆದರೆ ವಾಷರ್ ಒಡೆಯುತ್ತದೆ.

ನೀರು ಬಿಡುವ ಮೊದಲೇ ಮೀಟರ್ ಹಚ್ಚಿ. ಒಂದೊಂದು ಬೋಲ್ಟ್‌ಗೂ ಒಂದೊಂದು ಫ್ಲೇಂಜ್‌ಗೂ ನಡುವೆ ಓಮ್ ನೋಡಿ. ಮೆಗಾ ಓಮ್‌ನಲ್ಲಿ ಬರಬೇಕು. ಮೊನೆ ಇಡುವ ಜಾಗದ ಬಣ್ಣವನ್ನು ಫೈಲ್‌ನಿಂದ ಉಜ್ಜಿ ಹೊಳಪು ಬರಿಸಿ. ಇಲ್ಲದಿದ್ದರೆ ಬಣ್ಣವೇ ಮೆಗಾ ಓಮ್ ತೋರಿಸಿ ನಿಮ್ಮನ್ನು ಖುಷಿಪಡಿಸುತ್ತದೆ. ನೀರು ತುಂಬಿದ ಮೇಲೆ ಓಮ್ ರೀಡಿಂಗ್ ನಂಬಬಾರದು, ನೀರೇ ಕರೆಂಟ್ ಹರಿಸುತ್ತದೆ. ಆಗ ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ ಎರಡು ಫ್ಲೇಂಜ್‌ಗೆ ಹಿಡಿಯಿರಿ. ಬೇರ್ಪಟ್ಟಿದ್ದರೆ ನೂರಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಮಿಲಿವೋಲ್ಟ್ ಕಾಣುತ್ತದೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಲೋಹಕ್ಕೆ ಲೋಹ ಮುಟ್ಟಿದೆ.

ನಮಗೆ ಬಂದದ್ದು 0.4 ಮಿಲಿವೋಲ್ಟ್.

ಗಾಳಿಯಲ್ಲೂ ಕರೆಂಟ್ ಹರಿಯುತ್ತಾ?

ಕಿಟ್ ಬಿಚ್ಚಿದೆವು, ಮತ್ತೆ ಕೂಡಿಸಿದೆವು. ಹೊಸ ಕೊಳವೆ ಹಾಕಿದೆವು. ಮತ್ತೆ ಅದೇ. ಕೊನೆಗೆ ನೀರು ಬಸಿದು, ನಾಲ್ಕೂ ಬೋಲ್ಟ್ ತೆಗೆದು, ಎರಡು ಫ್ಲೇಂಜ್ ನಡುವೆ ಕಟ್ಟಿಗೆಯ ಬೆಣೆ ಹೊಡೆದು ಒಂದು ಬೆರಳು ಅಗಲ ಬಿಡಿಸಿದೆವು. ನಡುವೆ ಬರೀ ಗಾಳಿ. ಮೀಟರ್ ಹಚ್ಚಿದರೆ 0.6 ಓಮ್. ಅದರಲ್ಲೂ ಅರ್ಧ ಮೀಟರಿನ ವೈರಿನದೇ ಇರಬೇಕು.

"ಏನ್ರಿ, ಗಾಳ್ಯಾಗೂ ಕರೆಂಟ್ ಹೊಂಟೈತೇನು?" ಅಂದರು ಕಾಕಾ.

ಹೋಗುತ್ತಿದ್ದದ್ದು ಗಾಳಿಯಲ್ಲಿ ಅಲ್ಲ. ಕೂಲರ್ ಪವರ್ ಪ್ಯಾಕ್‌ನ ಫ್ರೇಮಿಗೆ ಬೋಲ್ಟ್ ಆಗಿತ್ತು. ಫ್ರೇಮಿನ ಮೇಲೆ ಮೋಟಾರ್, ಮೋಟಾರಿಗೆ ಅರ್ಥಿಂಗ್ ಪಟ್ಟಿ. ಆ ಪಟ್ಟಿ ಶೆಡ್‌ನ ಸುತ್ತ ಓಡಿ ಕೂಲಿಂಗ್ ಟವರಿನ ಪಂಪಿನ ಮೋಟಾರಿಗೂ ಕೂಡಿತ್ತು. ಪಂಪಿನಿಂದ ಎಂ.ಎಸ್. ಪೈಪ್. ಪೈಪನ್ನು ಹಿಡಿದ ಕ್ಲ್ಯಾಂಪ್‌ಗಳು ಶೆಡ್‌ನ ಕಂಬಕ್ಕೆ ವೆಲ್ಡಿಂಗ್. ಕೂಲರ್‌ಗೆ ಬರುವ ಎಣ್ಣೆಯ ಹೋಸ್‌ಗಳೊಳಗೂ ತಂತಿ ಹೆಣಿಗೆ. ಒಂದಲ್ಲ, ನಾಲ್ಕೈದು ದಾರಿ. ನಾವು ಮುಂಬಾಗಿಲಿಗೆ ಬೀಗ ಹಾಕುತ್ತಿದ್ದೆವು, ಹಿತ್ತಲ ಬಾಗಿಲು ತೆರೆದೇ ಇತ್ತು.

ಇಲ್ಲಿ ಒಂದು ಮಾತು ಖಡಕ್ಕಾಗಿ ಹೇಳಬೇಕು. ಈ ದಾರಿ ಮುಚ್ಚಲು ಯಾರೂ ಅರ್ಥಿಂಗ್ ಬಿಚ್ಚಬೇಡಿ. ಮೋಟಾರ್ ಶಾರ್ಟ್ ಆದ ದಿನ ಯಂತ್ರ ಮುಟ್ಟಿದವನ ಜೀವ ಉಳಿಸುವುದು ಅದೇ ಪಟ್ಟಿ. ನಿಪ್ಪಲ್ ಹೋದರೆ ಇನ್ನೊಂದು ಸಿಗುತ್ತದೆ.

ಹಾಗಾಗಿ ಇನ್ಸುಲೇಟಿಂಗ್ ಫ್ಲೇಂಜ್ ಕೆಲಸ ಮಾಡುವುದು ಒಂದು ಬದಿಯಾದರೂ ಬೇರೆ ಯಾವ ಲೋಹಕ್ಕೂ, ಅರ್ಥಿಂಗ್‌ಗೂ ತಾಗದೆ ನಿಂತಿರುವ ಕಡೆ ಮಾತ್ರ. ನೆಲದೊಳಗಿನ ಪೈಪ್‌ಲೈನಿಗೆ ಅದು ಸರಿ. ಶೆಡ್‌ನೊಳಗೆ, ಮೋಟಾರು ಪಂಪುಗಳ ನಡುವೆ, ಅಂಥ ಜಾಗ ಸಿಗುವುದು ಕಷ್ಟ. ಕಿಟ್ ಕೊಳ್ಳುವ ಮೊದಲೇ ಬೆಣೆ ಹೊಡೆದು ಮೀಟರ್ ಹಚ್ಚುವ ಪರೀಕ್ಷೆ ಮಾಡಿ. ಹತ್ತು ನಿಮಿಷದ ಕೆಲಸ. ನಾವು ಅದನ್ನು ಕೊನೆಗೆ ಮಾಡಿದೆವು.

ಲೋಹದ ದಾರಿ ಮುಚ್ಚದಿದ್ದರೆ ನೀರಿನ ದಾರಿ ಉದ್ದ ಮಾಡಿ

ಕರೆಂಟ್ ಒಂದು ಸುತ್ತು ಹಾಕಬೇಕು. ಲೋಹದಲ್ಲಿ ಹೋಗಿ, ನೀರಿನಲ್ಲಿ ವಾಪಸ್ ಬರಬೇಕು. ಲೋಹದ ದಾರಿ ನಮ್ಮ ಕೈಯಲ್ಲಿಲ್ಲ. ನೀರಿನ ದಾರಿ ಇದೆ. ಮೂರು ಮಿಲಿಮೀಟರ್ ಗ್ಯಾಸ್ಕೆಟ್ ಇದ್ದಾಗ ನೀರಿನೊಳಗೆ ಹಿತ್ತಾಳೆಯಿಂದ ಕಬ್ಬಿಣಕ್ಕೆ ದೂರ ಮೂರೇ ಮಿಲಿಮೀಟರ್. ಅದನ್ನು ಒಂದು ಮೀಟರ್ ಮಾಡಿದರೆ?

ಲೆಕ್ಕ ಸುಲಭ. ನಮ್ಮ ಟವರಿನ ನೀರಿನ ಕಂಡಕ್ಟಿವಿಟಿ ಸೆಂಟಿಮೀಟರಿಗೆ 1500 ಮೈಕ್ರೋ ಸೀಮೆನ್ಸ್ ಇತ್ತು. ಅಂದರೆ ಒಂದು ಸೆಂಟಿಮೀಟರ್ ಘನದ ನೀರಿನ ಅಡ್ಡಿ ಸುಮಾರು 667 ಓಮ್. ಎರಡಿಂಚಿನ ಪೈಪಿನ ಒಳಗಿನ ಅಡ್ಡಕೊಯ್ತದ ವಿಸ್ತೀರ್ಣ 22 ಚದರ ಸೆಂಟಿಮೀಟರ್. ಉದ್ದದಿಂದ ಗುಣಿಸಿ, ಆ ವಿಸ್ತೀರ್ಣದಿಂದ ಭಾಗಿಸಿ. ಗ್ಯಾಸ್ಕೆಟ್‌ನ 0.3 ಸೆಂಟಿಮೀಟರಿಗೆ ಬರುವುದು 9 ಓಮ್. ಅದೇನೂ ಅಡ್ಡಿಯೇ ಅಲ್ಲ. 100 ಸೆಂಟಿಮೀಟರಿಗೆ ಬರುವುದು 3000 ಓಮ್. 0.3 ವೋಲ್ಟ್ ಅನ್ನು 3000ದಿಂದ ಭಾಗಿಸಿದರೆ 0.1 ಮಿಲಿ ಆಂಪಿಯರ್. ವರ್ಷಕ್ಕೆ 45 ಗ್ರಾಂ ಹೋಗುತ್ತಿದ್ದದ್ದು ಒಂದು ಗ್ರಾಮಿಗೆ ಇಳಿಯಿತು. ಅದೂ ಥ್ರೆಡ್ ಇಲ್ಲದ ಪೂರ್ತಿ ದಪ್ಪದ ಪೈಪಿನಿಂದ.

ಇಂಡಕ್ಷನ್ ಫರ್ನೇಸ್ ಮೇಲೆ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ತಾಮ್ರದ ಕಾಯಿಲ್‌ಗೂ ನೀರಿನ ಹೆಡರ್‌ಗೂ ನಡುವೆ ಅವರು ಉದ್ದದ ರಬ್ಬರ್ ಹೋಸ್ ಬಿಟ್ಟಿರುತ್ತಾರೆ. ಅಲ್ಲಿ ಕಾರಣ ದೊಡ್ಡ ವೋಲ್ಟೇಜು. ಆದರೆ ನೀರಿನ ದಾರಿ ಉದ್ದ ಮಾಡಿ ಕರೆಂಟ್ ತಗ್ಗಿಸುವ ಉಪಾಯ ಒಂದೇ.

ನಾವು ಕೂಡಿಸಿದ್ದು ಹೀಗೆ. ಕೂಲರ್ ಮುಚ್ಚಳದ ಹಿತ್ತಾಳೆ ನಿಪ್ಪಲ್ ಮತ್ತು ಹಿತ್ತಾಳೆ ಫ್ಲೇಂಜ್ ಹಾಗೇ ಉಳಿಸಿಕೊಂಡೆವು. ಅದಕ್ಕೆ ಎದುರಾಗಿ ಒಂದು ಮೀಟರ್ ಉದ್ದದ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ ಪೈಪು, ಎರಡೂ ತುದಿಗೆ ಕಾಲರ್ ಬೆಸೆದು, ಹಿಂದೆ ಕಬ್ಬಿಣದ ಬಳೆ ಫ್ಲೇಂಜ್. ಆ ಕಬ್ಬಿಣದ ಬಳೆಗೆ ನೀರು ತಾಗುವುದಿಲ್ಲ, ಹಾಗಾಗಿ ಚಿಂತೆ ಇಲ್ಲ. ಅದರಾಚೆ ಎಂ.ಎಸ್. ಫ್ಲೇಂಜ್, ಎಂ.ಎಸ್. ಪೈಪು. ಈಗ ಸಾದಾ ರಬ್ಬರ್ ಗ್ಯಾಸ್ಕೆಟ್, ಸಾದಾ ಬೋಲ್ಟ್ ಸಾಕು. ಕೊಳವೆ ಬೇಡ, ಇನ್ಸುಲೇಶನ್ ವಾಷರ್ ಬೇಡ. ನಡುವೆ ಒಂದು ಆಧಾರ ಕೊಟ್ಟೆವು, ಇಲ್ಲದಿದ್ದರೆ ಬಿಸಿಗೆ ಎಚ್‌ಡಿಪಿಇ ಜೋತು ಬೀಳುತ್ತದೆ. ಎಚ್‌ಡಿಪಿಇ ಬದಲು ಬಟ್ಟೆ ನೂಲಿನ ರಬ್ಬರ್ ಹೋಸ್ ಆದರೂ ಆದೀತು. ಹೋಸ್‌ನೊಳಗೆ ತಂತಿ ಸುತ್ತು ಇದ್ದರೆ ಏನು ಅಂತ ಕೆಲವರು ಕೇಳುತ್ತಾರೆ. ತಂತಿ ನೀರಿಗೆ ತಾಗದೆ ರಬ್ಬರಿನೊಳಗೆ ಮುಚ್ಚಿಕೊಂಡಿದ್ದರೆ ತೊಂದರೆ ಇಲ್ಲ. ಲೋಹದ ದಾರಿ ಅರ್ಥಿಂಗ್ ಮೂಲಕ ಆಗಲೇ ಇದೆಯಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ನೀರಿನ ಉದ್ದ ಮಾತ್ರ.

ಫರ್ನೇಸ್ ಹತ್ತಿರ, ಕಾದ ಲೋಹ ಸಿಡಿಯುವ ಕಡೆ ಪ್ಲಾಸ್ಟಿಕ್ ಪೈಪ್ ಹಾಕಬೇಡಿ. ಬಿಸಿ ಏರಿದಂತೆ ಎಚ್‌ಡಿಪಿಇಯ ಒತ್ತಡ ತಡೆಯುವ ಶಕ್ತಿ ಇಳಿಯುತ್ತದೆ ಅನ್ನುವುದೂ ನೆನಪಿರಲಿ. ವಾಪಸ್ ನೀರು 40 ಡಿಗ್ರಿ, ಒತ್ತಡ 3 ಬಾರ್ ಇದ್ದ ನಮಗೆ 10 ಬಾರ್‌ನ ಪಿಎನ್ 10 ಪೈಪಿನಲ್ಲಿ ಬೇಕಾದಷ್ಟು ಅವಕಾಶ ಇತ್ತು.

ಒಳಬರುವ ಕಡೆಗೂ ಇಷ್ಟೇ ಕೆಲಸ ಮಾಡಬೇಕು. ನಾವು ಸೋರುತ್ತಿದ್ದ ಹೊರಹೋಗುವ ಕಡೆಗಷ್ಟೇ ಮೊದಲು ಹಾಕಿ ಕೈ ತೊಳೆದುಕೊಂಡೆವು. ಎಂಟು ತಿಂಗಳಿಗೆ ಒಳಬರುವ ಕಡೆಯ ನಿಪ್ಪಲ್ ಸೋರಿತು. ಅದು ಅಷ್ಟು ದಿನ ಸುಮ್ನೆ ಇದ್ದದ್ದು ಅಲ್ಲಿ ನೀರು ತಣ್ಣಗಿದ್ದದ್ದಕ್ಕೆ ಮಾತ್ರ.

ಉದ್ದ ಎಷ್ಟು ಬೇಕು ಅನ್ನುವುದು ನೀರು ಹೇಳುತ್ತದೆ

ಮೇಲಿನ ಲೆಕ್ಕದಲ್ಲಿ 1500 ಇದ್ದ ಜಾಗಕ್ಕೆ ನಿಮ್ಮ ನೀರಿನ ಅಂಕಿ ಹಾಕಿ. ಬಾಗಲಕೋಟೆ, ವಿಜಯಪುರ ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಮೂಲದಲ್ಲೇ ಸವಳು. ಟವರಿನಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಮೂರು ಪಟ್ಟು ಗಟ್ಟಿಯಾಗುವುದು ಮಾಮೂಲು. ಬೋರಿನಲ್ಲಿ 1400 ಇದ್ದದ್ದು ಟವರಿನ ತೊಟ್ಟಿಯಲ್ಲಿ 4000 ದಾಟುತ್ತದೆ. ಆಗ ಒಂದು ಮೀಟರಿನ ಅಡ್ಡಿ 1100 ಓಮ್ ಆಸುಪಾಸು. ಕರೆಂಟ್ ಕಾಲು ಮಿಲಿ ಆಂಪಿಯರ್ ದಾಟುತ್ತದೆ. ಇನ್ನೂ ಪರವಾಗಿಲ್ಲ, ಆದರೆ ಅರ್ಧ ಮೀಟರ್ ಸಾಕು ಅಂತ ಉಳಿತಾಯ ಮಾಡುವ ಜಾಗ ಅದಲ್ಲ. ಅಳೆಯುವಾಗ ಬೋರಿನ ನೀರು ಅಳೆಯಬೇಡಿ, ತೊಟ್ಟಿಯದು ಅಳೆಯಿರಿ. ಬೇಸಿಗೆಯ ಏಪ್ರಿಲ್‌ನಲ್ಲಿ ಅಳೆಯಿರಿ, ಮಳೆಗಾಲದಲ್ಲಲ್ಲ. ಟಿಡಿಎಸ್ ಮೀಟರ್ ಮಾತ್ರ ಇದ್ದರೆ ಅದರ ಅಂಕಿಯನ್ನು 1.5ರಿಂದ ಗುಣಿಸಿದರೆ ಕಂಡಕ್ಟಿವಿಟಿ ಹೆಚ್ಚುಕಡಿಮೆ ಸಿಗುತ್ತದೆ.

ಪೈಪ್ ದೊಡ್ಡದಾದರೆ ಈ ಉಪಾಯ ಸೋಲುತ್ತದೆ. ಆರಿಂಚಿನ ಪೈಪಿನ ಅಡ್ಡಕೊಯ್ತದ ವಿಸ್ತೀರ್ಣ ಎರಡಿಂಚಿನದರ ಎಂಟು ಪಟ್ಟಿಗೂ ಜಾಸ್ತಿ. ಅಷ್ಟೇ ಅಡ್ಡಿ ಬೇಕೆಂದರೆ ಎಂಟು ಮೀಟರ್ ಪ್ಲಾಸ್ಟಿಕ್ ಬೇಕು. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳ ಟರ್ಬೈನ್ ಕಂಡೆನ್ಸರಿನಂಥ ದೊಡ್ಡ ಲೈನುಗಳಿಗೆ ಇದು ಆಗದ ಮಾತು. ಅಲ್ಲಿ ಟ್ಯೂಬ್ ಪ್ಲೇಟ್‌ಗೂ ವಾಟರ್ ಬಾಕ್ಸ್‌ಗೂ ದಪ್ಪ ಎಪಾಕ್ಸಿ ಹಚ್ಚುತ್ತಾರೆ, ಜೊತೆಗೆ ಸತುವಿನ ಗಟ್ಟಿಗಳನ್ನು ಕೂಡಿಸುತ್ತಾರೆ. ಮಧ್ಯಮ ಗಾತ್ರದ ಲೈನಿಗೆ ನನಗೆ ಇಷ್ಟವಾದ ಇನ್ನೊಂದು ದಾರಿ ಇದೆ. ಕೂಲರ್‌ಗೆ ತಾಗಿದಂತೆ ಒಂದಡಿ ಉದ್ದದ, ಹೆವಿ ಕ್ಲಾಸ್ ದಪ್ಪದ, ಎರಡೂ ಕಡೆ ಫ್ಲೇಂಜ್ ಇರುವ ಎಂ.ಎಸ್. ತುಂಡು ಹಾಕುವುದು. ಒಳಗೆ ಬಣ್ಣ ಬೇಡ. ಅದು ಸವೆಯಲಿ ಅಂತಲೇ ಇಟ್ಟದ್ದು. ನಮ್ಮ ಶೆಡ್‌ನಲ್ಲಿ ಅದಕ್ಕೆ ಬಲಿಪೈಪು ಅಂತ ಹೆಸರಾಯಿತು. ಇನ್ನೊಂದು ತುಂಡು ಗೋಡೆಗೆ ತೂಗುಹಾಕಿರುತ್ತದೆ, ಬದಲಿಸಲು ಎಂಟು ಬೋಲ್ಟ್, ಅರ್ಧ ಗಂಟೆ.

ಬೇರ್ಪಡಿಸಿದರೂ ನಿಲ್ಲದ ಒಂದು ತೊಂದರೆ

ಟ್ಯೂಬಿನ ತಾಮ್ರವೂ ಅತಿ ಸ್ವಲ್ಪ ಕರಗುತ್ತದೆ. ಕರಗಿದ ತಾಮ್ರ ನೀರಿನ ಜೊತೆ ಹೋಗಿ ಮುಂದಿನ ಕಬ್ಬಿಣದ ಮೇಲೆ ಕೂರುತ್ತದೆ. ಕೂತ ಜಾಗದಲ್ಲೇ ಒಂದು ಪುಟ್ಟ ಸೆಲ್ ಹುಟ್ಟುತ್ತದೆ. ಇದಕ್ಕೆ ಫ್ಲೇಂಜ್ ಕಿಟ್ಟೂ ಅಡ್ಡಿಯಲ್ಲ, ಒಂದು ಮೀಟರ್ ಪ್ಲಾಸ್ಟಿಕ್ಕೂ ಅಡ್ಡಿಯಲ್ಲ. ಸತು ಲೇಪಿಸಿದ ಜಿ.ಐ. ಪೈಪಿನಲ್ಲಿ ಇದು ಇನ್ನೂ ಬೇಗ ಕಾಣುತ್ತದೆ. ಪೈಪಿನೊಳಗೆ ತುಕ್ಕಿನ ನಡುವೆ ಗುಲಾಬಿ ಬಣ್ಣದ ಚುಕ್ಕೆಗಳಿದ್ದರೆ ಅದು ತಾಮ್ರ.

ದಿನನಿತ್ಯ ಇದು ನಿಧಾನ. ಆಸಿಡ್ ಹಾಕಿ ಕೂಲರ್ ತೊಳೆದ ದಿನ ಮಾತ್ರ ಒಮ್ಮೆಲೇ ಆಗುತ್ತದೆ. ಕೆಲವರು ಕೂಲರ್ ಬಿಚ್ಚುವ ಕಷ್ಟ ಯಾಕೆ ಅಂತ ಟವರಿನ ತೊಟ್ಟಿಗೇ ಆಸಿಡ್ ಸುರಿದು ಇಡೀ ಲೈನಿನಲ್ಲಿ ತಿರುಗಿಸುತ್ತಾರೆ. ಸುಣ್ಣದ ಜೊತೆ ತಾಮ್ರವೂ ಕರಗಿ ಪೈಪಿನ ಒಳಮೈಗೆಲ್ಲಾ ಮೆತ್ತಿಕೊಳ್ಳುತ್ತದೆ. ಕೂಲರನ್ನು ಎರಡೂ ಫ್ಲೇಂಜ್‌ನಲ್ಲಿ ಬಿಚ್ಚಿ, ಬೇರೆ ಬಕೆಟ್ಟು, ಸಣ್ಣ ಪಂಪು ಇಟ್ಟು ತೊಳೆಯಿರಿ. ಆ ನೀರು ಲೈನಿಗೆ ಬರಬಾರದು. ಫ್ಲೇಂಜ್ ಹಾಕಿದ್ದರ ಇನ್ನೊಂದು ಲಾಭ ಇದು, ನಿಪ್ಪಲ್ ಇದ್ದಾಗ ಬಿಚ್ಚಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಉಳಿದ ದಿನಗಳಲ್ಲಿ ತಾಮ್ರ ಕರಗದಂತೆ ನೀರಿಗೆ ಅಜೋಲ್ ಜಾತಿಯ ಕೆಮಿಕಲ್ ಹಾಕುತ್ತಾರೆ. ನಿಮ್ಮ ಟವರಿಗೆ ಕೆಮಿಕಲ್ ಕೊಡುವವರನ್ನು ಅದರಲ್ಲಿ ಅಜೋಲ್ ಇದೆಯಾ ಅಂತ ಕೇಳಿ. ಬರೀ ಸುಣ್ಣ ಕಟ್ಟದ ಕೆಮಿಕಲ್ ಕೊಟ್ಟು ಹೋಗುವವರೂ ಇದ್ದಾರೆ.

ಆಮೇಲೆ ನೋಡಿಕೊಳ್ಳುವುದು

ಪ್ಲಾಸ್ಟಿಕ್ ತುಂಡು ಹಾಕಿದ ಮೇಲೂ ನಮ್ಮ ಮೀಟರ್ ಸೊನ್ನೆ ಮಿಲಿವೋಲ್ಟನ್ನೇ ತೋರಿಸಿತು. ಹೊಸ ಹುಡುಗನೊಬ್ಬ ಅದನ್ನು ನೋಡಿ ಕೆಲಸ ಕೆಟ್ಟಿದೆ ಅಂತ ಓಡಿ ಬಂದ. ಕೆಟ್ಟಿರಲಿಲ್ಲ. ಅರ್ಥಿಂಗ್ ಕೂಡಿರುವ ತನಕ ಮಿಲಿವೋಲ್ಟ್ ಸೊನ್ನೆಯೇ ಇರುತ್ತದೆ. ಆ ಪರೀಕ್ಷೆ ಇನ್ಸುಲೇಟಿಂಗ್ ಫ್ಲೇಂಜ್‌ಗೆ ಮಾತ್ರ. ಪ್ಲಾಸ್ಟಿಕ್ ತುಂಡು ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಇರುವುದು ಒಂದೇ ದಾರಿ. ಅದರಾಚೆಯ ಎಂ.ಎಸ್. ಪೈಪಿನ ದಪ್ಪ ಅಳೆಯಬೇಕು.

ಫ್ಲೇಂಜ್‌ನಿಂದ ಎರಡಿಂಚು ದೂರದಲ್ಲಿ ಒಂದು, ಎರಡಡಿ ದೂರದಲ್ಲಿ ಒಂದು ಗುರುತು ಹಾಕಿ. ಗುರುತಿನ ಮೇಲೆ ಗಡಿಯಾರದ ಹನ್ನೆರಡು, ಮೂರು, ಆರು, ಒಂಬತ್ತರ ಜಾಗದಲ್ಲಿ ಅಲ್ಟ್ರಾಸಾನಿಕ್ ಗೇಜ್‌ನಿಂದ ಅಳೆದು ಪುಸ್ತಕದಲ್ಲಿ ಬರೆದಿಡಿ. ಗೇಜ್ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಫ್ಲೇಂಜ್ ಬಿಚ್ಚಿದಾಗ ಪೈಪಿನ ಬಾಯಿಗೆ ವರ್ನಿಯರ್ ಹಿಡಿಯಿರಿ. ನೋಡಬೇಕಾದದ್ದು ಎರಡು ಗುರುತುಗಳ ನಡುವಿನ ವ್ಯತ್ಯಾಸ. ಎರಡೂ ಕಡೆ ಒಂದೇ ಸಮ ಇಳಿಯುತ್ತಿದ್ದರೆ ಅದು ನೀರಿನ ಮಾಮೂಲು ತುಕ್ಕು. ಹತ್ತಿರದ್ದು ಮಾತ್ರ ಬೇಗ ಇಳಿಯುತ್ತಿದ್ದರೆ ತುಂಡಿನ ಉದ್ದ ಸಾಲದು.

ನಮ್ಮಲ್ಲಿ ಮೂರು ವರ್ಷದ ಮೇಲೆ ಅಳೆದಾಗ ಹತ್ತಿರದ ಗುರುತಿನಲ್ಲಿ 3.4, ದೂರದ್ದರಲ್ಲೂ 3.4 ಬಂತು. ಕಾಕಾ ಗೇಜನ್ನು ಎರಡು ಸಲ ಒರೆಸಿ ಮತ್ತೆ ಹಿಡಿದರು. ಅವರ ಡಬ್ಬಿಯಲ್ಲಿ ಮುಂದಿನ ಜಾತ್ರೆಗೆ ಅಂತ ತಂದಿಟ್ಟ ಎರಡು ಎಂ.ಎಸ್. ನಿಪ್ಪಲ್‌ಗಳು ಇನ್ನೂ ಪೇಪರ್ ಸುತ್ತಿದ ಹಾಗೇ ಇದ್ದವು.